ಜಾಹೀರಾತು ಇಲ್ಲದಿದ್ದರೂ ಈ ಮಾರಾಟ ಆಗುತ್ತಿರಲಿಲ್ಲವೇ? ಅನುಮಾನದ ನಿರ್ದೇಶಕರ ಮುಂದೆ ತ್ರೈಮಾಸಿಕ ಲೆಕ್ಕ ಒಪ್ಪಿಸುವ ಭಾಷಣದ ರೂಪುರೇಷೆ

ಜಾಹೀರಾತಿನ ಖರ್ಚನ್ನು ನಂಬದ ನಿರ್ದೇಶಕರು ನಾನಾ ರೀತಿಯಲ್ಲಿ ಪ್ರಶ್ನೆ ಕೇಳುತ್ತಾರೆ. ಕೆದಕಿ ನೋಡಿದರೆ ಎಲ್ಲದರ ತಳದಲ್ಲಿ ಇರುವುದು ಒಂದೇ ಪ್ರಶ್ನೆ: ಈ ಗಿರಾಕಿಗಳು ಜಾಹೀರಾತು ಇಲ್ಲದಿದ್ದರೂ ಬರುತ್ತಿರಲಿಲ್ಲವೇ? ಮಾರ್ಕೆಟಿಂಗ್ ಮುಖ್ಯಸ್ಥರು ಇದಕ್ಕೆ ಉತ್ತರ ಕೊಡದೆ ಕ್ಲಿಕ್ಕುಗಳ ಸಂಖ್ಯೆ, ಎಷ್ಟು ಜನ ನೋಡಿದರು, ಎಷ್ಟು ಜನ ಮೆಚ್ಚಿದರು ಎಂದು ಹತ್ತು ನಿಮಿಷ ಹೇಳಿದರೆ ಅನುಮಾನ ಕಡಿಮೆಯಾಗುವುದಿಲ್ಲ, ಗಟ್ಟಿಯಾಗುತ್ತದೆ. ಹಾಗಾಗಿ ಇಲ್ಲಿ ಕೊಟ್ಟಿರುವ ರೂಪುರೇಷೆಯ ಪ್ರತಿ ಭಾಗವೂ ಆ ಒಂದು ಪ್ರಶ್ನೆಯ ಸುತ್ತಲೇ ಇದೆ.

ಉದಾಹರಣೆಗೆ ಒಂದು ಕಾಲ್ಪನಿಕ ಕಂಪನಿಯನ್ನು ಇಟ್ಟುಕೊಳ್ಳೋಣ. ಮನೆಬಳಕೆಯ ನೀರು ಶುದ್ಧೀಕರಣ ಯಂತ್ರಗಳನ್ನು ತನ್ನದೇ ಜಾಲತಾಣದಲ್ಲಿ ಮಾರುತ್ತದೆ. ಈ ತ್ರೈಮಾಸಿಕದಲ್ಲಿ ಅದರ ಮಾರಾಟ 600 ಲಕ್ಷ, ಜಾಹೀರಾತಿನ ಖರ್ಚು 90 ಲಕ್ಷ. ಯಂತ್ರದ ತಯಾರಿಕೆ, ಸಾಗಣೆ, ಹಣ ಪಾವತಿಯ ಶುಲ್ಕ ಎಲ್ಲ ಕಳೆದ ಮೇಲೆ ಪ್ರತಿ 100ರ ಮಾರಾಟದಲ್ಲಿ 50 ಉಳಿಯುತ್ತದೆ. ಮುಂದಿನ ಲೆಕ್ಕವೆಲ್ಲ ಈ ಮೂರು ಅಂಕಿಗಳ ಮೇಲೆ ನಿಂತಿದೆ.

ಮಾತಿಗೆ ಮೊದಲು: ಹಣಕಾಸು ಮುಖ್ಯಸ್ಥರ ಜೊತೆ ಒಂದು ಗಂಟೆ

ಭಾಷಣ ಬರೆಯಲು ಕೂರುವುದಕ್ಕೆ ಎರಡು ವಾರ ಮೊದಲೇ ಆಗಬೇಕಾದ ಕೆಲಸ ಇದು. ನಿರ್ದೇಶಕರು ಮಾರ್ಕೆಟಿಂಗ್‌ನವರ ಅಂಕಿಯನ್ನು ನಂಬದಿದ್ದರೂ ಹಣಕಾಸು ವಿಭಾಗದ ಅಂಕಿಯನ್ನು ನಂಬುತ್ತಾರೆ. ಎರಡೂ ಬೇರೆ ಬೇರೆ ಇದ್ದರೆ ಸಭೆಯಲ್ಲಿ ಮಾತು ನಡೆಯುವುದು ಆ ವ್ಯತ್ಯಾಸದ ಬಗ್ಗೆ ಮಾತ್ರ, ನಿಮ್ಮ ಕೆಲಸದ ಬಗ್ಗೆ ಅಲ್ಲ.

ಈ ಒಂದು ಗಂಟೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕಾದ ವಿಷಯ ಮೂರು. ಮೊದಲನೆಯದು ಮಾರಾಟ ಎಂದರೇನು ಎಂಬುದು. ಆರ್ಡರ್ ಬಂದ ದಿನದ ಮೊತ್ತವೇ, ಅಥವಾ ರದ್ದಾದದ್ದು ಮತ್ತು ವಾಪಸ್ ಬಂದದ್ದನ್ನು ಕಳೆದ ಮೇಲಿನ ಮೊತ್ತವೇ? ಎರಡನೆಯದನ್ನೇ ಹಿಡಿಯಿರಿ, ಲೆಕ್ಕಪುಸ್ತಕದಲ್ಲಿ ಇರುವುದೂ ಅದೇ. ಮುಂದಿನದು ಖರ್ಚಿನ ವ್ಯಾಪ್ತಿ. 90 ಲಕ್ಷದಲ್ಲಿ ಏಜೆನ್ಸಿಯ ಶುಲ್ಕ, ಚಿತ್ರೀಕರಣದ ವೆಚ್ಚ, ಜಾಹೀರಾತಿಗೆಂದೇ ಕೊಟ್ಟ ರಿಯಾಯಿತಿ ಕೂಪನ್‌ಗಳು ಸೇರಿವೆಯೇ? ಇವನ್ನು ಬಿಟ್ಟು ಲೆಕ್ಕ ತೋರಿಸಿ, ಆಮೇಲೆ ನಿರ್ದೇಶಕರೊಬ್ಬರು ಅದನ್ನು ಪತ್ತೆ ಹಚ್ಚಿದರೆ ಉಳಿದ ಅಂಕಿಗಳೂ ಅದರ ಜೊತೆ ಬಿದ್ದುಹೋಗುತ್ತವೆ. ಕೊನೆಯದು ಆ 50ರ ಮಾರ್ಜಿನ್. ಅದನ್ನು ನೀವು ಅಂದಾಜು ಮಾಡಬೇಡಿ, ಅವರ ಬಾಯಿಂದಲೇ ಪಡೆಯಿರಿ. ಭಾಷಣದಲ್ಲಿ 'ಈ ಮಾರ್ಜಿನ್ ಹಣಕಾಸು ವಿಭಾಗ ಕೊಟ್ಟದ್ದು' ಎಂದು ಒಂದೇ ವಾಕ್ಯದಲ್ಲಿ ಹೇಳಿದರೆ ಸಾಕು.

ಜಾಹೀರಾತು ವೇದಿಕೆಗಳು ತಮ್ಮದೆಂದು ಹೇಳಿಕೊಳ್ಳುವ ಆರ್ಡರ್‌ಗಳನ್ನು ಕಂಪನಿಯ ಆರ್ಡರ್ ಸಂಖ್ಯೆಗಳ ಜೊತೆ ತಾಳೆ ನೋಡುವ ಕೆಲಸವನ್ನೂ ಆಗಲೇ ಶುರು ಮಾಡಿಸಿ. ಜಾಲತಾಣದಿಂದ ವೇದಿಕೆಗೆ ಹೋಗುವ ಮಾಹಿತಿಯಲ್ಲಿ ಆರ್ಡರ್ ಸಂಖ್ಯೆ ಸೇರಿರದಿದ್ದರೆ ಈ ತಾಳೆ ಆಗುವುದೇ ಇಲ್ಲ. ಆ ಸಂಖ್ಯೆ ಹೋಗುತ್ತಿಲ್ಲವೆಂದು ಸಭೆಯ ಹಿಂದಿನ ದಿನ ಗೊತ್ತಾದರೆ ಸರಿಪಡಿಸಲು ಮುಂದಿನ ತ್ರೈಮಾಸಿಕವೇ ಬೇಕು.

ಸಮಯದ ಹಂಚಿಕೆ

ಮಂಡಳಿ 20 ನಿಮಿಷ ಕೊಟ್ಟಿದ್ದರೆ 8 ನಿಮಿಷ ಮಾತಾಡಿ, 12 ನಿಮಿಷ ಪ್ರಶ್ನೆಗಳಿಗೆ ಬಿಡಿ. ಅನುಮಾನ ಇರುವವರ ಮುಂದೆ ಪೂರ್ತಿ 20 ನಿಮಿಷ ಮಾತಾಡಿದರೆ ಪ್ರಶ್ನೆ ತಪ್ಪಿಸಿಕೊಳ್ಳುತ್ತಿದ್ದೀರಿ ಎಂದೇ ಅರ್ಥವಾಗುತ್ತದೆ. ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಓದಿ ನೋಡಿ. ಮನಸ್ಸಿನಲ್ಲೇ ಓದಿದಾಗ 8 ನಿಮಿಷ ಆಗುವುದು ಬಾಯಲ್ಲಿ 11 ಆಗುತ್ತದೆ, ಅಂಕಿಗಳನ್ನು ಹೇಳುವಾಗಲಂತೂ ವೇಗ ಇನ್ನೂ ಕಡಿಮೆ.

ಆ 8 ನಿಮಿಷದಲ್ಲಿ ಐದು ಭಾಗಗಳು: ಉತ್ತರಕ್ಕೆ ಒಂದು ನಿಮಿಷ, ಅಂಕಿ ಇಳಿದುಬಂದ ದಾರಿಗೆ ಎರಡು, ಅದು ನಮಗೆ ಹೇಗೆ ಗೊತ್ತು ಎಂಬುದಕ್ಕೆ ಎರಡು, ಕೆಲಸ ಮಾಡದ್ದಕ್ಕೆ ಒಂದೂವರೆ, ಕೋರಿಕೆಗೆ ಒಂದೂವರೆ. ಸ್ಲೈಡ್ ಮೂರೇ ಸಾಕು.

ಭಾಗ 1: ಮೊದಲ ನಿಮಿಷದಲ್ಲೇ ಉತ್ತರ

ಹಿನ್ನೆಲೆ, ಮಾರುಕಟ್ಟೆಯ ಸ್ಥಿತಿ, ತಂಡದ ಶ್ರಮ ಇವುಗಳಿಂದ ಶುರು ಮಾಡಬೇಡಿ. ಎಷ್ಟು ಹಾಕಿದೆವು, ಎಷ್ಟು ಬಂತು, ಆ ಅಂಕಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು, ಈವತ್ತು ಏನು ಕೇಳುತ್ತಿದ್ದೇವೆ, ಈ ನಾಲ್ಕೂ ಮೊದಲ ನಿಮಿಷದಲ್ಲೇ ಹೊರಬರಬೇಕು. ಮಾತು ಸುಮಾರಾಗಿ ಹೀಗಿರಲಿ:

'ಅಧ್ಯಕ್ಷರೇ, ನಿರ್ದೇಶಕರೇ, ಈ ತ್ರೈಮಾಸಿಕದಲ್ಲಿ ಜಾಹೀರಾತಿಗೆ 90 ಲಕ್ಷ ಖರ್ಚು ಮಾಡಿದೆವು. ಅದು ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ ಎನ್ನಬಹುದಾದ ಮಾರಾಟ ಸುಮಾರು 210 ಲಕ್ಷ. ಅದರಲ್ಲಿ ಉಳಿದದ್ದು 105 ಲಕ್ಷ. ಖರ್ಚು ಕಳೆದರೆ 15 ಲಕ್ಷ ಮಿಗುತ್ತದೆ. ಈ 15 ಖಚಿತ ಅಂಕಿ ಅಲ್ಲ, 15 ಲಕ್ಷ ನಷ್ಟದಿಂದ 45 ಲಕ್ಷ ಲಾಭದವರೆಗೆ ಎಲ್ಲಿ ಬೇಕಾದರೂ ಇರಬಹುದು. ಖರ್ಚಿನಲ್ಲಿ 18 ಲಕ್ಷ ಬಹುಪಾಲು ದಂಡವಾಗಿದೆ, ಅದನ್ನು ನಿಲ್ಲಿಸಿದ್ದೇವೆ. ಮುಂದಿನ ತ್ರೈಮಾಸಿಕಕ್ಕೆ 82 ಲಕ್ಷ ಕೇಳುತ್ತೇವೆ, 8 ಲಕ್ಷ ವಾಪಸ್ ಕೊಡುತ್ತೇವೆ.'

ಇಷ್ಟು ಹೇಳಿ ಎರಡು ಸೆಕೆಂಡ್ ಸುಮ್ಮನಿರಿ. ನಷ್ಟದ ಸಾಧ್ಯತೆಯನ್ನು ನೀವೇ ಮೊದಲು ಹೇಳಿದರೆ ಸೋತಂತೆ ಕಾಣುವುದಿಲ್ಲವೇ ಎಂಬ ಅಳುಕು ಸಹಜ. ಆದರೆ ಅದನ್ನು ಹೇಗೂ ಒಬ್ಬರು ಹೇಳುತ್ತಾರೆ. ನಿಮ್ಮ ಬಾಯಿಂದ ಬಂದರೆ ಅದು ಲೆಕ್ಕ, ಅವರ ಬಾಯಿಂದ ಬಂದರೆ ಆರೋಪ.

ಭಾಗ 2: 540ರಿಂದ 210ಕ್ಕೆ ಇಳಿದ ದಾರಿ

ಭಾಷಣದಲ್ಲಿ ಹೆಚ್ಚು ಕಷ್ಟದ ಭಾಗ ಇದು. ವೇದಿಕೆಗಳ ಡ್ಯಾಶ್‌ಬೋರ್ಡ್ ನೋಡಿದರೆ ಹುಡುಕಾಟದ ಜಾಹೀರಾತು 310 ಲಕ್ಷದ ಮಾರಾಟ ತಂದಿದೆ, ಸಾಮಾಜಿಕ ಜಾಲತಾಣದ ಜಾಹೀರಾತು 230 ಲಕ್ಷದ್ದು. ಒಟ್ಟು 540. ಖರ್ಚಿನ ಆರು ಪಟ್ಟು! ಕಂಪನಿಯ ಒಟ್ಟು ಮಾರಾಟವೇ 600 ಲಕ್ಷ ಇರುವಾಗ ಇದನ್ನು ನಂಬಿದರೆ ಹತ್ತರಲ್ಲಿ ಒಂಬತ್ತು ಪಾಲು ಜಾಹೀರಾತಿನಿಂದಲೇ ಬಂದಿದೆ ಎಂದಾಯಿತು. ಜಾಹೀರಾತಿಗೆ ಮೊದಲೂ ಕಂಪನಿ ನಡೆಯುತ್ತಿತ್ತು ಎಂಬುದು ನೆನಪಿರುವ ಯಾವ ನಿರ್ದೇಶಕರೂ ಇದನ್ನು ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಮೊದಲ ಸ್ಲೈಡ್‌ನಲ್ಲಿ ಈ 540ನ್ನೇ ದೊಡ್ಡ ಕಂಬವಾಗಿ ತೋರಿಸಿ, ಅಲ್ಲಿಂದ ಮೂರು ಮೆಟ್ಟಿಲು ಇಳಿಯಿರಿ.

ಮೊದಲ ಮೆಟ್ಟಿಲು ಎರಡೆರಡು ಬಾರಿ ಎಣಿಸಿದ ಆರ್ಡರ್‌ಗಳು. ಒಬ್ಬ ಗಿರಾಕಿ ಸೋಮವಾರ ಸಾಮಾಜಿಕ ಜಾಲತಾಣದಲ್ಲಿ ಜಾಹೀರಾತು ಒತ್ತಿ ನೋಡಿದ, ಗುರುವಾರ ಹುಡುಕಾಟದಲ್ಲಿ ಇನ್ನೊಂದನ್ನು ಒತ್ತಿ ಯಂತ್ರ ಕೊಂಡ. ಎರಡೂ ವೇದಿಕೆ ಆ ಆರ್ಡರನ್ನು ತನ್ನದೆಂದು ಬರೆದುಕೊಳ್ಳುತ್ತವೆ, ಏಕೆಂದರೆ ಒಂದರ ಲೆಕ್ಕ ಇನ್ನೊಂದಕ್ಕೆ ಕಾಣುವುದಿಲ್ಲ. ಮೆಟಾದ ಜಾಹೀರಾತುಗಳಲ್ಲಿ ಹೀಗೆ ಬರೆದುಕೊಳ್ಳಲು ಮೊದಲೇ ಹೊಂದಿಸಿರುವ ಅವಧಿ ಕ್ಲಿಕ್ ಆದ 7 ದಿನ ಮತ್ತು ಬರೀ ನೋಡಿದ 1 ದಿನ. ಗೂಗಲ್ ಆ್ಯಡ್ಸ್‌ನಲ್ಲಿ ಸಾಮಾನ್ಯವಾಗಿ ಕ್ಲಿಕ್ ಆದ 30 ದಿನ. ಅಂದರೆ ಮೆಟಾದಲ್ಲಿ ಜಾಹೀರಾತನ್ನು ಒತ್ತದೆ ಬರೀ ಕಣ್ಣಾಡಿಸಿ ಮುಂದೆ ಹೋದವನು ಮರುದಿನದೊಳಗೆ ಕೊಂಡರೂ ಅದು ಜಾಹೀರಾತಿನ ಖಾತೆಗೆ ಬೀಳುತ್ತದೆ. ನಿಮ್ಮ ಖಾತೆಯಲ್ಲಿ ಈ ಅವಧಿ ಎಷ್ಟಿದೆ ಎಂದು ನೋಡಿ ಬರೆದಿಟ್ಟುಕೊಳ್ಳಿ, ಒಬ್ಬರಾದರೂ ಕೇಳುತ್ತಾರೆ. ನಮ್ಮ ಉದಾಹರಣೆಯಲ್ಲಿ ಆರ್ಡರ್ ಸಂಖ್ಯೆ ತಾಳೆ ನೋಡಿದಾಗ ಎರಡೂ ಕಡೆ ಸಿಕ್ಕಿದ್ದು 120 ಲಕ್ಷದ ಮಾರಾಟ. ಉಳಿದದ್ದು 420.

ಎರಡನೇ ಮೆಟ್ಟಿಲು ರದ್ದಾದ ಮತ್ತು ವಾಪಸ್ ಬಂದ ಆರ್ಡರ್‌ಗಳು, 30 ಲಕ್ಷ. ಇದನ್ನು ನೀವಾಗಿ ತಿಳಿಸದ ಹೊರತು ವೇದಿಕೆಗಳಿಗೆ ಗೊತ್ತೇ ಆಗುವುದಿಲ್ಲ. ಉಳಿದದ್ದು 390.

ಮೂರನೆಯದೇ ದೊಡ್ಡದು: ಹೇಗೂ ಬರುತ್ತಿದ್ದ ಗಿರಾಕಿಗಳು, 180 ಲಕ್ಷ. ಉಳಿದದ್ದು 210. ಈ 180ನ್ನು ಯಾರೂ ನೇರವಾಗಿ ಎಣಿಸಲಿಲ್ಲ. ಮುಂದಿನ ಭಾಗದಲ್ಲಿ ಬರುವ ಪ್ರಯೋಗದಿಂದ 210 ಸಿಕ್ಕಿತು, 390ರಲ್ಲಿ ಅದನ್ನು ಕಳೆದಾಗ ಉಳಿದದ್ದು 180. ಸ್ಲೈಡ್‌ನಲ್ಲಿ ಈ ಮೆಟ್ಟಿಲನ್ನು ಬೇರೆ ಬಣ್ಣದಲ್ಲಿ ತೋರಿಸಿ 'ಇದು ಕಳೆದು ಬಂದದ್ದು, ಎಣಿಸಿದ್ದಲ್ಲ' ಎಂದು ಬಾಯಿಬಿಟ್ಟು ಹೇಳಿ. ಜಾಹೀರಾತು ನೋಡಿ ಫೋನಿನಲ್ಲೇ ಆರ್ಡರ್ ಕೊಟ್ಟವರಂತೆ ವೇದಿಕೆಗಳ ಕಣ್ಣಿಗೆ ಬೀಳದ ಗಿರಾಕಿಗಳೂ 210ರಲ್ಲಿ ಇರಬಹುದು. ಹಾಗಾಗಿ 180 ಪೂರ್ತಿ ನಿಖರವಲ್ಲ.

ಇಲ್ಲಿ ಒಂದು ಇಕ್ಕಟ್ಟಿದೆ. ಹಿಂದಿನ ಸಭೆಯಲ್ಲಿ ನೀವೇ, ಅಥವಾ ನಿಮ್ಮ ಕುರ್ಚಿಯಲ್ಲಿ ಹಿಂದೆ ಕೂತವರು, 'ಆರು ಪಟ್ಟು' ಎಂದು ಹೇಳಿರುತ್ತೀರಿ. ಈಗ ಅದು 2.3 ಪಟ್ಟಿಗೆ ಬಂದಿದೆ. ನಿರ್ದೇಶಕರ ಕೈಯಲ್ಲಿ ಹಳೆಯ ಕಾಗದ ಇರುತ್ತದೆ, ಸುಮ್ಮನೆ ದಾಟಿಹೋಗಲು ಸಾಧ್ಯವಿಲ್ಲ. 'ಕಳೆದ ಬಾರಿ ವೇದಿಕೆಗಳು ಕೊಟ್ಟ ಅಂಕಿಯನ್ನು ಹಾಗೇ ಮುಂದಿಟ್ಟೆವು. ಅದು ತಪ್ಪು. ಅದೇ ಹಳೆಯ ಲೆಕ್ಕದಲ್ಲಿ ಈ ಬಾರಿಯೂ ಆರು ಪಟ್ಟೇ ಬರುತ್ತದೆ. ಜಾಹೀರಾತು ಕೆಟ್ಟಿಲ್ಲ, ಅಳತೆಗೋಲು ಬದಲಾಗಿದೆ' ಎಂದು ಹೇಳಿ. ಹಿಂದಿನ ತ್ರೈಮಾಸಿಕಕ್ಕೂ ಮೊದಲ ಎರಡು ಮೆಟ್ಟಿಲನ್ನು ಇಳಿಸಿ ಪಕ್ಕದಲ್ಲೇ ತೋರಿಸಿ. ಮೂರನೆಯದನ್ನು ತೋರಿಸಲು ಆಗ ಪ್ರಯೋಗ ನಡೆದಿರಲಿಲ್ಲ, ಅದನ್ನು ಖಾಲಿ ಬಿಡಿ. ಈ ತ್ರೈಮಾಸಿಕದ ಅನುಪಾತವನ್ನು ಹಿಂದಿನದಕ್ಕೂ ಹಚ್ಚಿ ಖಾಲಿ ತುಂಬಿಸುವ ಆಸೆ ಬೇಡ.

ಭಾಗ 3: ಇದು ನಮಗೆ ಹೇಗೆ ಗೊತ್ತು

ಜಾಹೀರಾತಿನ ಪರಿಣಾಮ ತಿಳಿಯಲು ನೇರವಾದ ದಾರಿ ಎಂದರೆ ಕೆಲವು ಊರುಗಳಲ್ಲಿ ಅದನ್ನು ನಿಲ್ಲಿಸಿ ನೋಡುವುದು. ನಮ್ಮ ಕಂಪನಿ 24 ಊರುಗಳನ್ನು 12 ಜೋಡಿ ಮಾಡಿತು. ಒಂದು ಜೋಡಿಯ ಎರಡು ಊರುಗಳಲ್ಲಿ ಹಿಂದಿನ 8 ವಾರಗಳ ಮಾರಾಟ ಹೆಚ್ಚುಕಡಿಮೆ ಒಂದೇ ರೀತಿ ಏರಿಳಿದಿರಬೇಕು. ಪ್ರತಿ ಜೋಡಿಯಲ್ಲಿ ಯಾವ ಊರಿನಲ್ಲಿ ನಿಲ್ಲಿಸುವುದು ಎಂದು ಚೀಟಿ ಎತ್ತಿ ತೀರ್ಮಾನಿಸಿದರು. ಆರು ವಾರ 12 ಊರುಗಳಲ್ಲಿ ಜಾಹೀರಾತು ನಡೆಯಿತು, ಉಳಿದ 12ರಲ್ಲಿ ಒಂದೂ ಇರಲಿಲ್ಲ.

ಜಾಹೀರಾತು ಇದ್ದ ಊರುಗಳಲ್ಲಿ 60 ಲಕ್ಷ ಮಾರಾಟವಾಯಿತು, ಇಲ್ಲದ ಊರುಗಳಲ್ಲಿ 39 ಲಕ್ಷ. ವ್ಯತ್ಯಾಸ 21 ಲಕ್ಷ, ಅಂದರೆ 60ರಲ್ಲಿ ಶೇ 35. ಒಟ್ಟು ಮಾರಾಟ 600 ಲಕ್ಷಕ್ಕೆ ಅದನ್ನು ಅನ್ವಯಿಸಿದರೆ 210. ಇಷ್ಟೇ ಲೆಕ್ಕ, ಇದಕ್ಕಿಂತ ಗಹನವಾಗಿ ಹೇಳಬೇಕಾಗಿಲ್ಲ. ಎರಡನೇ ಸ್ಲೈಡ್‌ನಲ್ಲಿ ಎರಡು ಗೆರೆಗಳು ಸಾಕು: ಎಂಟು ವಾರ ಒಟ್ಟೊಟ್ಟಿಗೆ ಸಾಗಿ, ಜಾಹೀರಾತು ನಿಂತ ದಿನದಿಂದ ಬೇರೆಯಾದ ಗೆರೆಗಳು. ಪ್ರಯೋಗಕ್ಕೆ ಮೊದಲ ಆ ಎಂಟು ವಾರಗಳನ್ನು ತೋರಿಸುವುದು ಕಡ್ಡಾಯ. ಅದಿಲ್ಲದಿದ್ದರೆ 'ಆ ಊರುಗಳಲ್ಲಿ ಮೊದಲಿನಿಂದಲೂ ಮಾರಾಟ ಕಡಿಮೆ ಇತ್ತೇನೋ' ಎಂಬ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಹನ್ನೆರಡು ಜೋಡಿಗಳಲ್ಲಿ ವ್ಯತ್ಯಾಸ ಒಂದೇ ಸಮ ಇರುವುದಿಲ್ಲ. ಕೆಲವು ಜೋಡಿಗಳಲ್ಲಿ ಬಹಳ, ಕೆಲವದರಲ್ಲಿ ಏನೂ ಇಲ್ಲ. ಆ ಚೆದುರುವಿಕೆಯಿಂದ ನಿಮ್ಮ ವಿಶ್ಲೇಷಕರು ಒಂದು ವ್ಯಾಪ್ತಿ ಕೊಡುತ್ತಾರೆ. ನಮ್ಮ ಉದಾಹರಣೆಯಲ್ಲಿ ಅದು ಶೇ 25ರಿಂದ 45. ಶೇ 25 ಆದರೆ 150 ಲಕ್ಷದ ಮಾರಾಟ, ಉಳಿಯುವುದು 75 ಲಕ್ಷ, ಖರ್ಚು ಕಳೆದರೆ 15 ಲಕ್ಷ ನಷ್ಟ. ಶೇ 45 ಆದರೆ 270 ಲಕ್ಷದ ಮಾರಾಟ, 135 ಉಳಿದು 45 ಲಕ್ಷ ಲಾಭ. ಮೊದಲ ನಿಮಿಷದಲ್ಲಿ ಹೇಳಿದ ವ್ಯಾಪ್ತಿ ಬಂದದ್ದು ಇಲ್ಲಿಂದ. ನಷ್ಟವೂ ಇಲ್ಲ, ಲಾಭವೂ ಇಲ್ಲ ಎನ್ನುವ ಗೆರೆ ಶೇ 30ರಲ್ಲಿದೆ: 180 ಲಕ್ಷದ ಮಾರಾಟ, 90 ಉಳಿಕೆ, 90 ಖರ್ಚು. ಈ ಗೆರೆಯನ್ನು ಸ್ಲೈಡ್‌ನಲ್ಲಿ ಎಳೆದೇ ತೋರಿಸಿ. ಶೇ 35 ಎಂಬುದು ಒಳ್ಳೆಯದೋ ಕೆಟ್ಟದ್ದೋ ಎಂದು ನಿರ್ದೇಶಕರಿಗೆ ಅದಿಲ್ಲದೆ ತಿಳಿಯುವುದಿಲ್ಲ.

ವ್ಯಾಪ್ತಿ ಇಷ್ಟು ಅಗಲ ಇರುವುದು ನಿಮ್ಮ ತಂಡದ ಕೈಲಾಗದತನ ಅಲ್ಲ. ಜಾಹೀರಾತಿನ ಪರಿಣಾಮಕ್ಕಿಂತ ಮಾರಾಟದ ಸಹಜ ಏರಿಳಿತವೇ ದೊಡ್ಡದಾಗಿರುತ್ತದೆ. ರ‍್ಯಾಂಡಲ್ ಲೂಯಿಸ್ ಮತ್ತು ಜಸ್ಟಿನ್ ರಾವ್ ಅವರು 25 ದೊಡ್ಡ ಪ್ರಯೋಗಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ತಿರುಳೂ ಇದೇ, ದೊಡ್ಡ ಪ್ರಯೋಗಗಳಲ್ಲೂ ಲಾಭದ ಅಂದಾಜು ತೀರಾ ಅಗಲವಾಗಿಯೇ ಬರುತ್ತದೆ. ಇದನ್ನು ಭಾಷಣದಲ್ಲಿ ಹೇಳಬೇಡಿ, ಪ್ರಶ್ನೆ ಬಂದರೆ ಹೇಳಿ. ನೀವಾಗಿಯೇ ಮುಂದಿಟ್ಟರೆ ನೆಪದಂತೆ ಕೇಳಿಸುತ್ತದೆ.

ಪ್ರಯೋಗ ಕೆಡುವ ಬಗೆಗಳು ನಿಮಗೆ ಗೊತ್ತಿರಲಿ. ಜಾಹೀರಾತು ನಿಂತ ಊರಿನಲ್ಲಿ ಅದೇ ವಾರ ಸರಕು ಖಾಲಿಯಾದರೆ ಮಾರಾಟ ಇಳಿಯುತ್ತದೆ, ತಪ್ಪು ಲಾಭ ಜಾಹೀರಾತಿನ ಹೆಸರಿಗೆ ಹೋಗುತ್ತದೆ. ಪಕ್ಕಪಕ್ಕದ ಊರುಗಳನ್ನು ಜೋಡಿ ಮಾಡಿದರೆ ದಿನವೂ ಓಡಾಡುವವರು ಒಂದು ಊರಿನಲ್ಲಿ ಜಾಹೀರಾತು ನೋಡಿ ಇನ್ನೊಂದರಲ್ಲಿ ಆರ್ಡರ್ ಕೊಡುತ್ತಾರೆ, ಆಗ ವ್ಯತ್ಯಾಸ ನಿಜಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಪ್ರತಿಸ್ಪರ್ಧಿ ಕೆಲವು ಊರುಗಳಲ್ಲಿ ಮಾತ್ರ ಬೆಲೆ ಇಳಿಸಿದರೂ ಇಂಥದೇ ಗೊಂದಲ. ಆರು ವಾರಗಳ ದಿನಚರಿಯನ್ನು ಒಂದು ಪುಟದಲ್ಲಿ ಬರೆದಿಟ್ಟು ಜೇಬಿನಲ್ಲಿರಲಿ: ಯಾವ ವಾರ ಯಾವ ಊರಿನಲ್ಲಿ ಏನಾಯಿತು, ಯಾವ ಜೋಡಿಯನ್ನು ಲೆಕ್ಕದಿಂದ ತೆಗೆದಿರಿ, ಏಕೆ. ಫಲಿತಾಂಶ ನೋಡಿದ ಮೇಲೆ ಜೋಡಿ ತೆಗೆದಿದ್ದರೆ ಅದನ್ನು ಮುಚ್ಚಿಡಬೇಡಿ.

ಇಂಥ ಪ್ರಯೋಗ ನಡೆದೇ ಇಲ್ಲದಿದ್ದರೆ? ಆಗ ಭಾಷಣ 390ರಲ್ಲೇ ನಿಲ್ಲಬೇಕು. 'ಇದರಲ್ಲಿ ಹೇಗೂ ಬರುತ್ತಿದ್ದವರು ಎಷ್ಟು ಎಂದು ಈಗ ಹೇಳಲಾರೆವು. ಮುಂದಿನ ತ್ರೈಮಾಸಿಕದಲ್ಲಿ 12 ಊರುಗಳಲ್ಲಿ ನಿಲ್ಲಿಸಿ ನೋಡಲು ಅನುಮತಿ ಕೊಡಿ' ಎಂಬುದೇ ನಿಮ್ಮ ಕೋರಿಕೆಯಾಗಲಿ. ಅಷ್ಟರಿಂದಲೇ ಸಭೆಯ ಧಾಟಿ ಬದಲಾಗುತ್ತದೆ.

ಭಾಗ 4: ಕೆಲಸ ಮಾಡದ್ದು

ಒಂದೇ ವೈಫಲ್ಯ ಹೇಳಿ, ಪೂರ್ತಿಯಾಗಿ ಹೇಳಿ. ನಾಲ್ಕು ಸಣ್ಣಪುಟ್ಟ ತಪ್ಪುಗಳನ್ನು ಪಟ್ಟಿ ಮಾಡಿದರೆ ದೊಡ್ಡದನ್ನು ಅವುಗಳ ಹಿಂದೆ ಬಚ್ಚಿಟ್ಟಿದ್ದೀರೇನೋ ಅನಿಸುತ್ತದೆ.

ನಮ್ಮ ಕಂಪನಿಯ ವೈಫಲ್ಯ ಬಹಳ ಕಂಪನಿಗಳಲ್ಲಿ ಕಾಣುವಂಥದ್ದೇ. ಜನ ಹುಡುಕಾಟದಲ್ಲಿ ಕಂಪನಿಯ ಹೆಸರನ್ನೇ ಟೈಪ್ ಮಾಡಿದಾಗ ಮೇಲೆ ಬರುವ ಜಾಹೀರಾತಿಗೆ 18 ಲಕ್ಷ ಹೋಯಿತು. ಡ್ಯಾಶ್‌ಬೋರ್ಡ್‌ನಲ್ಲಿ ಅತಿ ಹೆಚ್ಚು ಫಲ ಕೊಟ್ಟದ್ದು ಇದೇ. ಹೆಸರು ಗೊತ್ತಿದ್ದು, ಕೊಳ್ಳಲು ಹೊರಟವರಿಗೇ ಅದು ಕಾಣುವುದರಿಂದ ಹಾಗಾಗುವುದು ಸಹಜ. ಕೆಲವು ಊರುಗಳಲ್ಲಿ ಇದೊಂದನ್ನೇ ಬೇರೆಯಾಗಿ ನಿಲ್ಲಿಸಿ ನೋಡಿದಾಗ ಬಹುತೇಕ ಎಲ್ಲರೂ ಕೆಳಗಿದ್ದ ಉಚಿತ ಕೊಂಡಿಯನ್ನು ಒತ್ತಿ ಬಂದರು. ಕಡಿಮೆಯಾದ ಮಾರಾಟ ಇಡೀ ತ್ರೈಮಾಸಿಕದ ಲೆಕ್ಕದಲ್ಲಿ ಸುಮಾರು 10 ಲಕ್ಷದಷ್ಟು, ಅದರ ಉಳಿಕೆ 5 ಲಕ್ಷ. 18 ಹಾಕಿ 5 ಪಡೆದಂತಾಯಿತು.

ಇದಕ್ಕೆ ಹೆಸರಾಂತ ಉದಾಹರಣೆ ಇದೆ. 2012ರಲ್ಲಿ ಇಬೇ ಕಂಪನಿ ತನ್ನ ಹೆಸರಿನ ಮೇಲಿನ ಹುಡುಕಾಟದ ಜಾಹೀರಾತನ್ನು ಯಾಹೂ ಮತ್ತು ಮೈಕ್ರೋಸಾಫ್ಟ್‌ನ ತಾಣಗಳಲ್ಲಿ ನಿಲ್ಲಿಸಿತು. ಹಾಗೆ ಕೈಬಿಟ್ಟ ಕ್ಲಿಕ್ಕುಗಳಲ್ಲಿ ಶೇ 99.5ರಷ್ಟು ಉಚಿತ ಕೊಂಡಿಗಳ ಮೂಲಕವೇ ಬಂದವು ಎಂದು ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೊ ಮತ್ತು ಸ್ಟೀವನ್ ಟಾಡೆಲಿಸ್ ದಾಖಲಿಸಿದ್ದಾರೆ. ಸಭೆಯಲ್ಲಿ ಇದನ್ನು ಹೇಳುವುದಾದರೆ ಮಿತಿಯನ್ನೂ ಸೇರಿಸಿ ಹೇಳಿ. ಇಬೇ ಎಲ್ಲರಿಗೂ ಗೊತ್ತಿದ್ದ ಹೆಸರು. ಪ್ರತಿಸ್ಪರ್ಧಿ ನಿಮ್ಮ ಹೆಸರಿನ ಮೇಲೆ ತನ್ನ ಜಾಹೀರಾತು ಕೂರಿಸಿದರೆ ಚಿಕ್ಕ ಕಂಪನಿ ಗಿರಾಕಿಗಳನ್ನು ಕಳೆದುಕೊಳ್ಳಬಹುದು. ಆದ್ದರಿಂದ 'ನಿಲ್ಲಿಸಿದ್ದೇವೆ, ಪ್ರತಿ ವಾರ ನಮ್ಮ ಹೆಸರಿನ ಹುಡುಕಾಟದಲ್ಲಿ ಮೇಲೆ ಯಾರು ಕೂತಿದ್ದಾರೆಂದು ನೋಡುತ್ತಿದ್ದೇವೆ' ಎನ್ನುವುದು ಸರಿಯಾದ ಮಾತು.

ಈಗ ಉಳಿದದ್ದರ ಲೆಕ್ಕ ತೋರಿಸಿ. ಹೆಸರಿನ ಜಾಹೀರಾತನ್ನು ಬಿಟ್ಟರೆ 72 ಲಕ್ಷ ಖರ್ಚು, 200 ಲಕ್ಷ ಮಾರಾಟ, 100 ಲಕ್ಷ ಉಳಿಕೆ, 28 ಲಕ್ಷ ಮಿಗಿತಾಯ. ವೈಫಲ್ಯ ಒಪ್ಪಿಕೊಂಡದ್ದರಿಂದಲೇ ಈ 28 ನಂಬುವಂತೆ ಕೇಳಿಸುತ್ತದೆ. ಇದಕ್ಕೂ ಮೊದಲಿನಷ್ಟೇ ಅಗಲದ ವ್ಯಾಪ್ತಿ ಇದೆ ಎಂಬ ಮಾತನ್ನು ಮಾತ್ರ ಮರೆಯಬೇಡಿ.

ಭಾಗ 5: ಕೋರಿಕೆ ಮತ್ತು ನಿಲ್ಲಿಸುವ ಗೆರೆ

'ಬಜೆಟ್ ಮುಂದುವರಿಸಿ' ಎಂಬುದು ಕೋರಿಕೆಯಲ್ಲ. ಎಷ್ಟು, ಯಾವುದಕ್ಕೆ, ಏನಾದರೆ ನಿಲ್ಲಿಸುತ್ತೀರಿ ಎಂದು ಹೇಳಿ. ಮೂರನೇ ಸ್ಲೈಡ್‌ನಲ್ಲಿ ಇವಿಷ್ಟೇ ಇರಲಿ:

'ಹೆಸರಿನ ಜಾಹೀರಾತಿನ 18 ಲಕ್ಷದಲ್ಲಿ 8 ಲಕ್ಷ ಕಂಪನಿಗೆ ವಾಪಸ್. 10 ಲಕ್ಷವನ್ನು ಸಾಮಾಜಿಕ ಜಾಲತಾಣದ ವಿಡಿಯೊ ಜಾಹೀರಾತಿಗೆ ಹಾಕಿ ಇದೇ ಬಗೆಯ ಊರು ಜೋಡಿಗಳಲ್ಲಿ ಪರೀಕ್ಷಿಸುತ್ತೇವೆ. ಒಟ್ಟು 82 ಲಕ್ಷ. ಇದು ತನ್ನ ಖರ್ಚನ್ನು ತಾನೇ ಹುಟ್ಟಿಸಲು ಜಾಹೀರಾತಿನಿಂದಲೇ ಆದ ಮಾರಾಟ 164 ಲಕ್ಷ ಇರಬೇಕು. ಪ್ರಯೋಗದ ನಡುವಿನ ಅಂದಾಜು ಅದಕ್ಕಿಂತ ಕೆಳಗೆ ಬಂದರೆ ಮುಂದಿನ ಸಭೆಗೆ ಕಾಯದೆ ವಿಡಿಯೊದ 10 ಲಕ್ಷವನ್ನು ನಿಲ್ಲಿಸುತ್ತೇವೆ.'

ಇಲ್ಲಿ ಎಡವುವ ಜಾಗ ಒಂದಿದೆ. ಹಳೆಯ ಶೇ 30ರ ಗೆರೆಯನ್ನು ಮತ್ತೆ ಬಳಸಬಾರದು. ಅದು 90 ಲಕ್ಷ ಖರ್ಚಿನದು. ಖರ್ಚು 82 ಆದಾಗ, ಮಾರಾಟ 600 ಲಕ್ಷವೇ ಇದ್ದರೆ, ಗೆರೆ ಶೇ 27ರ ಆಸುಪಾಸಿಗೆ ಇಳಿಯುತ್ತದೆ. ಲೆಕ್ಕಪರಿಶೋಧಕರ ಹಿನ್ನೆಲೆಯ ನಿರ್ದೇಶಕರು ಇದನ್ನು ಕೂತಲ್ಲೇ ಗುಣಿಸಿ ನೋಡುತ್ತಾರೆ. ಹಾಗೆಯೇ, ಗೆರೆ ದಾಟದಿದ್ದರೆ ಏನು ಮಾಡುತ್ತೀರಿ ಎಂಬುದನ್ನು ನಿಮ್ಮ ಅಧಿಕಾರದೊಳಗೆ ಇರುವಂತೆಯೇ ಬರೆಯಿರಿ. ಏಜೆನ್ಸಿಯ ಒಪ್ಪಂದ ಆರು ತಿಂಗಳಿನದಾಗಿದ್ದರೆ 'ಕೂಡಲೇ ನಿಲ್ಲಿಸುತ್ತೇವೆ' ಎಂಬ ಮಾತು ಸುಳ್ಳಾಗುತ್ತದೆ.

ಸಭೆಗೆ ಮೂರು ದಿನ ಮೊದಲು

ಎರಡು ಪುಟದ ಟಿಪ್ಪಣಿಯನ್ನು ಎಲ್ಲ ನಿರ್ದೇಶಕರಿಗೂ ಕಳುಹಿಸಿ. 540ರಿಂದ 210ರ ಮೆಟ್ಟಿಲು ಮೊದಲ ಪುಟದಲ್ಲೇ ಇರಲಿ. ಅತಿ ಹೆಚ್ಚು ಅನುಮಾನ ಇರುವವರಿಗೆ ಫೋನ್ ಮಾಡಿ, 'ಸರ್' ಅಥವಾ 'ಮೇಡಂ, ಇದರಲ್ಲಿ ಯಾವ ಅಂಕಿ ನಿಮಗೆ ಒಪ್ಪಿಗೆಯಿಲ್ಲ?' ಎಂದು ಕೇಳಿ. ಅವರ ಮನಸ್ಸು ಬದಲಾಯಿಸಲು ಅಲ್ಲ, ಸಭೆಯಲ್ಲಿ ಬರುವ ಮೊದಲ ಪ್ರಶ್ನೆ ಯಾವುದೆಂದು ತಿಳಿಯಲು. ಅವರು ಹೇಳಿದ ಅಂಕಿಯ ಮೂಲ ಕಾಗದವನ್ನು ಜೊತೆಗೆ ಒಯ್ಯಿರಿ.

ಹನ್ನೆರಡು ನಿಮಿಷದ ಪ್ರಶ್ನೆಗಳು

ಉತ್ತರದ ಮೊದಲ ವಾಕ್ಯ ಯಾವಾಗಲೂ ಹೌದು, ಇಲ್ಲ, ಒಂದು ಅಂಕಿ, ಅಥವಾ 'ಗೊತ್ತಿಲ್ಲ, ಶುಕ್ರವಾರದೊಳಗೆ ಬರೆದು ಕಳಿಸುತ್ತೇನೆ' ಎಂಬುದಾಗಿರಲಿ. ವಿವರಣೆ ಆಮೇಲೆ.

'24 ಊರುಗಳ ಫಲಿತಾಂಶವನ್ನು ಇಡೀ ಮಾರಾಟಕ್ಕೆ ಹೇಗೆ ಹಚ್ಚಿದಿರಿ?' ಇದು ನ್ಯಾಯವಾದ ಪ್ರಶ್ನೆ. ಆ ಊರುಗಳು ಉಳಿದವುಗಳಂತೆಯೇ ಇವೆ ಎಂಬ ಊಹೆಯ ಮೇಲೆ ಎಂದು ನೇರವಾಗಿ ಹೇಳಿ. ಎಲ್ಲಿ ಆ ಊಹೆ ದುರ್ಬಲ ಎಂಬುದನ್ನೂ, ಉದಾಹರಣೆಗೆ ಅತಿ ದೊಡ್ಡ ನಗರಗಳಿಗೆ ಸರಿಸಮನಾದ ಜೋಡಿ ಸಿಗದ್ದನ್ನು, ಒಪ್ಪಿಕೊಳ್ಳಿ.

'ಎಲ್ಲ ಜಾಹೀರಾತು ನಿಲ್ಲಿಸಿದರೆ ಏನಾಗುತ್ತದೆ?' ಆರು ವಾರದ ಮಟ್ಟಿಗೆ ಮಾರಾಟದ ಶೇ 35ರಷ್ಟು ಹೋಗುತ್ತದೆ ಎಂಬುದು ಅಳೆದದ್ದು. ಒಂದು ವರ್ಷಕ್ಕೆ ಏನಾಗುತ್ತದೆ ಎಂಬುದನ್ನು ಈ ಪ್ರಯೋಗ ಹೇಳುವುದಿಲ್ಲ. ಹೆದರಿಸಲು ಹೋಗಬೇಡಿ.

'ಇನ್ನೂ 20 ಲಕ್ಷ ಕೊಟ್ಟರೆ ಇದೇ 2.3 ಪಟ್ಟು ಬರುತ್ತದೆಯೇ?' ಇಲ್ಲ. 2.3 ಎಂಬುದು ಸರಾಸರಿ. ಸುಲಭವಾಗಿ ಒಲಿಯುವ ಗಿರಾಕಿಗಳು ಮೊದಲ ಹಣಕ್ಕೇ ಸಿಕ್ಕಿರುತ್ತಾರೆ, ಕೊನೆಯ 20 ಲಕ್ಷ ತರುವುದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ನಮ್ಮ ಮಾರ್ಜಿನ್‌ನಲ್ಲಿ ಎರಡು ಪಟ್ಟಿಗಿಂತ ಕೆಳಗಿಳಿದರೆ ಅಷ್ಟೂ ನಷ್ಟ. 2.3ಕ್ಕೂ 2ಕ್ಕೂ ನಡುವೆ ಇರುವ ಜಾಗ ಎಷ್ಟು ಕಿರಿದು ಎಂಬುದು ನಿರ್ದೇಶಕರಿಗೆ ತಕ್ಷಣ ಹೊಳೆಯುತ್ತದೆ. ಹೆಚ್ಚು ಹಣ ಕೇಳದಿರಲು ಕಾರಣ ಇದೇ ಎಂದು ಹೇಳಿ.

'ಈ ಗಿರಾಕಿಗಳು ಮುಂದೆ ಫಿಲ್ಟರ್ ಕೊಳ್ಳುತ್ತಾರಲ್ಲ, ಅದನ್ನೇಕೆ ಸೇರಿಸಿಲ್ಲ?' ಸ್ನೇಹಭಾವದಿಂದ ಕೇಳಿದರೂ ಇದು ಜಾರುವ ಜಾಗ. ಮುಂದೆ ಬರಬಹುದಾದ ಹಣವನ್ನು ಈ ತ್ರೈಮಾಸಿಕದ ಅಂಕಿಗೆ ಸೇರಿಸಿದರೆ ಯಾವ ನಷ್ಟವನ್ನು ಬೇಕಾದರೂ ಲಾಭ ಮಾಡಬಹುದು. ಒಂದು ವರ್ಷದ ಹಿಂದೆ ಜಾಹೀರಾತಿನಿಂದ ಬಂದವರು ನಿಜವಾಗಿ ಎಷ್ಟು ಫಿಲ್ಟರ್ ಕೊಂಡರು ಎಂಬುದು ಲೆಕ್ಕಪುಸ್ತಕದಲ್ಲಿದ್ದರೆ ಪ್ರತ್ಯೇಕ ಸಾಲಾಗಿ ಹೇಳಿ, ಇಲ್ಲದಿದ್ದರೆ ಬಿಡಿ.

'ಏಜೆನ್ಸಿಗೆ ಖರ್ಚಿನ ಶೇಕಡಾವಾರು ಶುಲ್ಕ ಕೊಡುತ್ತೀರಲ್ಲ, ಖರ್ಚು ಕಡಿಮೆ ಮಾಡಿ ಎಂದು ಅವರು ಏಕೆ ಹೇಳಿಯಾರು?' ಹೇಳುವುದಿಲ್ಲ. ಪ್ರಯೋಗದ ಊರುಗಳನ್ನು ಯಾರು ಆರಿಸಿದರು, ಲೆಕ್ಕ ಯಾರು ಮಾಡಿದರು ಎಂಬುದು ಇಲ್ಲಿ ಮುಖ್ಯ. ಎರಡೂ ಕಂಪನಿಯೊಳಗೇ, ಹಣಕಾಸು ವಿಭಾಗದವರ ಕಣ್ಣೆದುರೇ ಆಗಿದ್ದರೆ ಹಾಗೆಂದು ಹೇಳಿ. ಏಜೆನ್ಸಿಯವರೇ ಮಾಡಿದ್ದರೆ ಈ ಪ್ರಶ್ನೆಗೆ ಸಭೆಯಲ್ಲಿ ಒಳ್ಳೆಯ ಉತ್ತರ ಇಲ್ಲ, ಹಣಕಾಸು ವಿಭಾಗ ಮರುಲೆಕ್ಕ ಮಾಡಲಿ ಎಂದು ನೀವೇ ಸೂಚಿಸಿ.

'ಬ್ರ್ಯಾಂಡ್ ಕಟ್ಟುವುದು' ಎಂಬ ಮಾತನ್ನು ಸಂಕಟ ಬಂದಾಗ ಎತ್ತಬೇಡಿ. ಹೆಸರು ಬೆಳೆಸಲೆಂದೇ ಖರ್ಚು ಮಾಡಿದ್ದರೆ ಅದನ್ನು ಮೊದಲ ನಿಮಿಷದಲ್ಲೇ ಪ್ರತ್ಯೇಕ ಮೊತ್ತವಾಗಿ ಹೇಳಿರಬೇಕು, ಕಂಪನಿಯ ಹೆಸರನ್ನು ಹುಡುಕುವವರ ಸಂಖ್ಯೆ ಏರಿತೇ ಎಂಬಂಥ ಅದರದೇ ಅಳತೆಯೊಂದಿಗೆ. ಮಾರಾಟ ತರಲೆಂದು ಖರ್ಚು ಮಾಡಿ, ಅದು ಬರದಿದ್ದಾಗ ಹೆಸರಾದರೂ ಬಂತು ಎನ್ನುವುದನ್ನು ನಿರ್ದೇಶಕರು ಹಿಂದೆಯೂ ಕೇಳಿರುತ್ತಾರೆ.

ಸಭೆ ಮುಗಿದ 24 ಗಂಟೆಯೊಳಗೆ ಒಂದು ಪುಟದ ಪತ್ರ ಹೋಗಲಿ. 164 ಲಕ್ಷದ ಗೆರೆ, ಪ್ರಯೋಗ ಮುಗಿಯುವ ದಿನಾಂಕ, ಉತ್ತರ ಬಾಕಿ ಉಳಿದ ಪ್ರಶ್ನೆಗಳು ಅದರಲ್ಲಿ ಇರಲಿ. ಮುಂದಿನ ತ್ರೈಮಾಸಿಕದ ಭಾಷಣದ ಮೊದಲ ವಾಕ್ಯವನ್ನು ಆ ಪತ್ರದಿಂದಲೇ ಎತ್ತಿಕೊಳ್ಳಬೇಕು.